ರಜೆಯ ಮೇಲ್‌ನಲ್ಲಿ ಹಪ್ಪಳ ಎಷ್ಟನೇ ಸಾಲಿನಲ್ಲಿರಬೇಕು?

ಕಳೆದ ತಿಂಗಳು ಒಬ್ಬ ಟ್ರಾನ್ಸ್‌ಪೋರ್ಟ್‌ನವರಿಗೆ ಬಿಲ್ಲಿನ ವಿಷಯ ಮೇಲ್ ಮಾಡಿದ್ದೆ. ತಕ್ಷಣ, ರಜೆಯಲ್ಲಿದ್ದಾಗ ತಾನಾಗಿ ಹೋಗುವ ಉತ್ತರ ಬಂತು. ತಾನು ಗಾಳ ಹಿಡಿದು ಹೊಳೆ ಬದಿಯಲ್ಲಿ ಕೂತಿದ್ದೇನೆ, ಮೀನು ಬಿಟ್ಟರೆ ಬರುತ್ತೇನೆ, ಹೆಂಡತಿ ಕರೆದರೂ ಬರುವುದಿಲ್ಲ, ಹೀಗೆ ಎಂಟು ಹತ್ತು ಸಾಲು. ಚೆನ್ನಾಗಿಯೇ ಬರೆದಿದ್ದರು. ಆದರೆ ಯಾವತ್ತು ಬರ್ತಾರೆ, ಅಲ್ಲಿಯವರೆಗೆ ಬಿಲ್ಲು ಯಾರನ್ನು ಕೇಳಬೇಕು, ಒಂದೂ ಇಲ್ಲ!

ತಮಾಷೆ ಬೇಡ ಅನ್ನುವವಳಲ್ಲ ನಾನು. ನನ್ನ ಕೆಲಸ ಕಾಸರಗೋಡಿನ ಒಂದು ಟ್ಯಾಕ್ಸ್ ಆಫೀಸಿನಲ್ಲಿ. ಪ್ರತಿ ತಿಂಗಳು ಜಿಎಸ್‌ಟಿ ಕಟ್ಟುವವರಿಗೆ ನಮ್ಮಿಂದ ಹೋಗುವ ಮೇಲ್‌ಗಳು ಅಷ್ಟೇನೂ ಸಂತೋಷದವಲ್ಲ. ವರ್ಷಕ್ಕೊಮ್ಮೆ ನಗಿಸಿದರೆ ತಪ್ಪೇನು? ಆದರೆ ನಗೆ ಇರಬೇಕಾದ್ದು ಕೊನೆಯ ಸಾಲಿನಲ್ಲಿ. ಫೋನಿನಲ್ಲಿ ಮೇಲ್ ಬಂದಾಗ ಮೊದಲು ಕಾಣುವುದು ಸಬ್ಜೆಕ್ಟ್ ಮತ್ತು ಒಂದೆರಡು ಸಾಲು. ತಾರೀಕು, ಯಾರನ್ನು ಕೇಳಬೇಕು ಅನ್ನುವುದು ಅಲ್ಲೇ ಸಿಗಬೇಕು.

ಈ ಮೇ ತಿಂಗಳಲ್ಲಿ ನಾನು ಹಾಕಿದ್ದು ಹೀಗಿತ್ತು. ಹೆಸರು, ನಂಬರು ತೆಗೆದಿದ್ದೇನೆ. 3B ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್.

ಸಬ್ಜೆಕ್ಟ್: ಮೇ 15ರಿಂದ 21ರವರೆಗೆ ರಜೆ, 3B ಇದ್ದವರು ದಯವಿಟ್ಟು ಓದಿ

"ನಮಸ್ಕಾರ. ನಾನು ಮೇ 22ರ ಬೆಳಿಗ್ಗೆ ಆಫೀಸಿಗೆ ಬರುತ್ತೇನೆ. ಅಲ್ಲಿಯವರೆಗೆ GSTR-3B ಕೆಲಸ ನಮ್ಮ ಆಫೀಸಿನ ಅಕ್ಕ ನೋಡಿಕೊಳ್ಳುತ್ತಾರೆ. ಖರೀದಿ, ಮಾರಾಟದ ಬಿಲ್ಲುಗಳನ್ನು 18ರ ಸಂಜೆಯೊಳಗೆ ಆಫೀಸಿನ ಮೇಲ್‌ಗೆ ಕಳಿಸಿ. ಕೊನೆಯ ದಿನ 20. ಫೈಲ್ ಮಾಡುವಾಗ ಓಟಿಪಿ ನಿಮ್ಮ ಫೋನಿಗೇ ಬರುತ್ತದೆ, ಆ ಹೊತ್ತಿಗೆ ಫೋನ್ ಕೈಯಲ್ಲಿರಲಿ. ನೋಟಿಸ್ ಬಂದಿದ್ದರೆ ಮೇಲ್ ಬೇಡ, ಆಫೀಸಿನ ನಂಬರಿಗೆ ಫೋನ್ ಮಾಡಿ. ಉಳಿದದ್ದನ್ನು ನಾನು ಬಂದ ಮೇಲೆ ನೋಡುತ್ತೇನೆ. ಸದ್ಯ ಅಮ್ಮನ ಮನೆಯಲ್ಲಿ ಹಲಸಿನ ಹಪ್ಪಳ ಒತ್ತುತ್ತಿದ್ದೇನೆ. ಕೈಗೆಲ್ಲ ಎಣ್ಣೆ, ಸಿಗ್ನಲ್ ಮೊದಲೇ ಇಲ್ಲ."

ಕೆಳಗೆ ಇದೇ ಮಲಯಾಳದಲ್ಲಿ. ಹಲಸು ಅವರಿಗೂ ಗೊತ್ತು, ಹಾಗಾಗಿ ಬೇರೆ ತಮಾಷೆ ಹುಡುಕುವ ಕೆಲಸ ಬರಲಿಲ್ಲ.

ಓಟಿಪಿ ಸಾಲು ಸುಮ್ನೆ ಹಾಕಿದ್ದಲ್ಲ. ಪಾಸ್‌ವರ್ಡ್, ಫೈಲು, ಲೆಕ್ಕ ಎಲ್ಲ ಅಕ್ಕನ ಕೈಗೆ ಕೊಟ್ಟು ಹೋಗಬಹುದು. ಆದರೆ ಓಟಿಪಿಯಲ್ಲಿ ಸಹಿ ಹಾಕುವ ಸಣ್ಣ ವ್ಯಾಪಾರಿಗಳಿಗೆ ಆ ನಂಬರು ಹೋಗುವುದು ಪೋರ್ಟಲ್‌ನಲ್ಲಿ ನೋಂದಾಯಿಸಿದ ಅವರ ಫೋನ್ ಮತ್ತು ಮೇಲ್‌ಗೆ. 20ರ ಸಂಜೆ ಅವರು ಮದುವೆ ಮನೆಯಲ್ಲಿ ಫೋನ್ ಆಫ್ ಮಾಡಿ ಕೂತರೆ ಅಕ್ಕ ಏನು ಮಾಡಬೇಕು? ಒಂದು ದಿನ ತಡವಾದರೂ ಟ್ಯಾಕ್ಸ್ ಇರುವವರಿಗೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ ಬಡ್ಡಿ. ನಮ್ಮ ಪರವಾಗಿ ಕೆಲಸ ಮಾಡುವವರಿಗೆ ಎಲ್ಲಿ ಕೈ ಕಟ್ಟಿಹೋಗುತ್ತದೋ ಅದನ್ನು ಮೇಲ್‌ನಲ್ಲೇ ಹೇಳಿಬಿಡಬೇಕು. ಇನ್ನು ಅಕ್ಕನಿಗೇ ಹೇಳದೆ ಅವರ ಹೆಸರು ಹಾಕುವವರೂ ಇದ್ದಾರೆ. ಅವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಜಿಮೇಲ್‌ನಲ್ಲಿ ಇದನ್ನು ಹಾಕುವ ಜಾಗ Settings ಒಳಗಿನ Vacation responder. ಅಲ್ಲಿ Last day ಅನ್ನೂ ತುಂಬಿಸಿ. ಆ ದಿನ ರಾತ್ರಿ 11:59ಕ್ಕೆ ಅದು ತಾನಾಗಿ ನಿಲ್ಲುತ್ತದೆ. ತುಂಬಿಸದಿದ್ದರೆ ನಾವು ಆಫೀಸಿನಲ್ಲಿ ಕೂತಿದ್ದಾಗಲೂ ಹಪ್ಪಳ ಒತ್ತುತ್ತಲೇ ಇರುತ್ತೇವೆ. ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆ ಮಾತ್ರ ಉತ್ತರ ಹೋಗಲಿ ಅನ್ನುವ ಗುರುತೂ ಅಲ್ಲಿದೆ. ಅದನ್ನು ಹಾಕಿದರೆ ಹೊಸ ಗಿರಾಕಿಗೆ ಏನೂ ಹೋಗುವುದಿಲ್ಲ. ಹಾಕದಿದ್ದರೆ ಗುರುತಿಲ್ಲದವರಿಗೂ ಹೋಗುತ್ತದೆ. ನಾನು ಹಾಕಲಿಲ್ಲ. ಹಾಗಾಗಿಯೇ ಯಾವ ಊರು, ನಮ್ಮ ಮನೆಗೆ ಬೀಗ ಹಾಕಿದ್ದೇವೋ ಇಲ್ಲವೋ, ಇಂಥದ್ದೇನೂ ಬರೆಯಲಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಒಬ್ಬರೇ ದಿನವೂ ಬರೆದರೆ ಜಿಮೇಲ್ ದಿನವೂ ಉತ್ತರಿಸುವುದಿಲ್ಲ. ಸಾಮಾನ್ಯವಾಗಿ ಒಮ್ಮೆ ಹೋಗುತ್ತದೆ, ನಾಲ್ಕು ದಿನ ಕಳೆದ ಮೇಲೆ ಅವರು ಮತ್ತೆ ಬರೆದರೆ ಮತ್ತೊಮ್ಮೆ. ಈಗ 15ರಂದು ಬರೆದ ಅಡಿಕೆ ವ್ಯಾಪಾರಿಯನ್ನೇ ತೆಗೆದುಕೊಳ್ಳಿ. ಅವರು ಹಪ್ಪಳ ಓದಿ ನಕ್ಕಿರುತ್ತಾರೆ. 17ಕ್ಕೆ ಬಿಲ್ಲು ಕಳಿಸಿದಾಗ ಉತ್ತರವಿಲ್ಲ, ಆದ್ದರಿಂದ ಮೊದಲ ಮೇಲ್‌ನಲ್ಲೇ ಎಲ್ಲ ಇರಬೇಕು. 20ಕ್ಕೆ ಗಾಬರಿಯಲ್ಲಿ ಮತ್ತೆ ಬರೆದಾಗ ಅದೇ ಹಪ್ಪಳ ಮತ್ತೆ ಬರುತ್ತದೆ. ಆಗ ನಗು ಬರುತ್ತದಾ? ಬರುವುದಿಲ್ಲ. ಅದಕ್ಕೇ ತಮಾಷೆ ಒಂದೇ ಕಡೆ ಸಾಕು, ಅದೂ ನಮ್ಮ ಮೇಲೆಯೇ. "ನಿಮ್ಮ ಬಿಲ್ಲುಗಳಿಂದ ತಪ್ಪಿಸಿಕೊಂಡೆ" ಅಂತ ಬರೆದರೆ ಆ ಹೊತ್ತಿಗೆ ಅವರಿಗೆ ಅದು ಚುಚ್ಚುತ್ತದೆ. ದೈವ, ಪಾರ್ಟಿ, ಭಾಷೆ, ಇವುಗಳ ತಂಟೆಗಂತೂ ನಮ್ಮ ಊರಿನಲ್ಲಿ ಹೋಗಲೇಬಾರದು ಅಲ್ವಾ.

ಹಾಕಿದ ಮೇಲೆ ಬೇರೆ ಅಕೌಂಟಿನಿಂದ ಒಂದು ಮೇಲ್ ಕಳಿಸಿ, ಫೋನಿನಲ್ಲೇ ಓದಿ ನೋಡಿ. ನಮ್ಮವರ ಮೇಲ್‌ನಿಂದ ನಾನೂ ಕಳಿಸಿದೆ. ಅವರು ಓದಿ, "22ಕ್ಕೆ ಬರ್ತೀಯಾ? 21ಕ್ಕೆ ಅಂದಿದ್ದೆಯಲ್ಲ" ಅಂದರು. ಅದು ಮನೆಗೆ, ಇದು ಆಫೀಸಿಗೆ ಅಂತ ಬಿಡಿಸಿ ಹೇಳಬೇಕಾಯಿತು.

ಒಂದೇ ತೊಂದರೆ. ಬಂದು ನೋಡಿದರೆ ಇನ್‌ಬಾಕ್ಸ್‌ನಲ್ಲಿ ಬಿಲ್ಲಿಗಿಂತ ಹಪ್ಪಳದ ವಿಚಾರಣೆಯೇ ಜಾಸ್ತಿ. ದುಬೈಯಲ್ಲಿರುವ ಒಬ್ಬರಂತೂ 3B ಅಕ್ಕನಿಗೆ ಕಳಿಸಿಯಾಗಿದೆ ಎಂದು ಬರೆದು, ಕೆಳಗೆ ಕೇಳಿದ್ದಾರೆ: "ಹಪ್ಪಳ ಖಾರದ್ದೋ, ಸಾದಾವೋ?"