ಹೋಮ್ ಲೋನಿಗೆ ಇನ್ಶೂರೆನ್ಸ್ ಇದೆ, ಆದರೆ ಯಾರ ಹೆಸರಲ್ಲಿ?

"ಲೋನಿಗೆ ಇನ್ಶೂರೆನ್ಸ್ ಇದೆಯಲ್ಲ, ಇನ್ನು ಕಟ್ಟೋದೇನೂ ಇಲ್ಲ." ಸಾವಿನ ಮನೆಯಲ್ಲಿ ಮೊನ್ನೆ ಮತ್ತೆ ಇದೇ ಮಾತು ಕೇಳಿ ಸಂಕಟವಾಯಿತು, ಸಿಟ್ಟೂ ಬಂತು. ಇನ್ಶೂರೆನ್ಸ್ ಸರ್ಟಿಫಿಕೇಟನ್ನು ಆ ಮನೆಯಲ್ಲಿ ಯಾರೂ ತೆಗೆದು ನೋಡಿರಲಿಲ್ಲ.

ಗಂಡ ಹೆಂಡತಿ ಸೇರಿ 40 ಲಕ್ಷ ಸಾಲ ತೆಗೆದಿದ್ದಾರೆ ಅಂದುಕೊಳ್ಳಿ. 20 ವರ್ಷ, ಶೇ. 8.5 ಬಡ್ಡಿ, ಇಎಂಐ ಸುಮಾರು 34,700. ಐದು ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲು 35 ಲಕ್ಷದ ಮೇಲೆಯೇ ಉಳಿದಿರುತ್ತದೆ. ಆಗ ಗಂಡ ತೀರಿಕೊಂಡರೆ? ವಿಮೆ ಇಬ್ಬರ ಮೇಲೂ ಅರ್ಧರ್ಧ ಹಂಚಿಕೆಯಾಗಿದ್ದರೆ ಬರುವುದು ಹದಿನೇಳೂವರೆ ಲಕ್ಷದಷ್ಟೇ. ಉಳಿದದ್ದು ಹೆಂಡತಿಯ ತಲೆ ಮೇಲೆ, ಯಾಕೆಂದರೆ ಆಕೆ ವಾರಸುದಾರಳು ಮಾತ್ರವಲ್ಲ, ಸಾಲದ ಪತ್ರಕ್ಕೆ ಸಹಿ ಹಾಕಿದವಳು. ವಿಮೆ ಹೆಂಡತಿಯೊಬ್ಬಳ ಹೆಸರಲ್ಲೇ ಇದ್ದರೆ ಗಂಡನ ಸಾವಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ಸರ್ಟಿಫಿಕೇಟಿನಲ್ಲಿ ಅವಧಿಯನ್ನೂ ನೋಡಿ. ಸಾಲ 20 ವರ್ಷದ್ದು, ವಿಮೆ ಐದೇ ವರ್ಷದ್ದು ಇರಬಹುದು. ಇನ್ನೊಂದು ತೊಡಕು, ಇಂಥ ಬಹಳಷ್ಟು ಪಾಲಿಸಿಗಳಲ್ಲಿ ವಿಮೆಯ ಮೊತ್ತ ಮೊದಲ ದಿನ ಬರೆದುಕೊಟ್ಟ ಪಟ್ಟಿಯಂತೆ ವರ್ಷ ವರ್ಷ ಇಳಿಯುತ್ತದೆ. ಬಡ್ಡಿ ಏರಿ ಸಾಲದ ಅವಧಿ ಹಿಗ್ಗಿದರೂ ಆ ಪಟ್ಟಿ ಬದಲಾಗುವುದಿಲ್ಲ. ನಡುವಿನ ವ್ಯತ್ಯಾಸ ಮನೆಯವರೇ ತುಂಬಬೇಕು. ಬೆಂಕಿ, ಭೂಕಂಪಕ್ಕೆ ಮಾಡಿಸಿದ ಮನೆಯ ವಿಮೆಯನ್ನೇ ಸಾಲದ ವಿಮೆ ಅಂದುಕೊಂಡವರೂ ಇದ್ದಾರೆ.

"ಬ್ಯಾಂಕಿನವರೇ ನೋಡ್ಕೋತಾರೆ ಬಿಡಿ" ಅನ್ನುತ್ತಾರೆ. ಸಾವಿನ ಸುದ್ದಿ ನೀವು ಹೇಳದೆ ಬ್ಯಾಂಕಿಗೆ ಹೇಗೆ ತಿಳಿಯಬೇಕು? ಮರಣ ಪ್ರಮಾಣಪತ್ರದ ನಕಲು ಇಟ್ಟು ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಸಹಿ ತಗೊಳ್ಳಿ, ಕ್ಲೇಮ್ ಫಾರಂ ಕೇಳಿ. ಕ್ಲೇಮ್ ತೀರ್ಮಾನವಾಗುವವರೆಗೆ ಇಎಂಐ ನಿಲ್ಲಿಸಬೇಡಿ. ಕಂತು 90 ದಿನ ಮೀರಿ ಬಾಕಿಯಾದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ, ಆಮೇಲೆ ಅಡವಿಟ್ಟ ಮನೆಯನ್ನು ಬ್ಯಾಂಕು ವಶಪಡಿಸಿಕೊಳ್ಳಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯ 60 ದಿನದ ನೋಟಿಸ್ ಬರಬಹುದು. ಕ್ಲೇಮ್ ಹಣ ಬಾಕಿಗಿಂತ ಹೆಚ್ಚಿದ್ದರೆ ಆ ಹೆಚ್ಚಿನದು ನಾಮಿನಿಗೆ ಸೇರಬೇಕು, ಅದನ್ನೂ ಕೇಳಿ ಪಡೆಯಿರಿ.

ಇನ್ನು ಮಕ್ಕಳು. ಸಾಲಕ್ಕೆ ಸಹಿ ಹಾಕದ, ಜಾಮೀನು ನಿಲ್ಲದ ಮಗ ಅಥವಾ ಮಗಳು ತನ್ನ ಸಂಬಳದಿಂದ ಅಪ್ಪನ ಸಾಲ ತೀರಿಸಬೇಕೆಂದಿಲ್ಲ. ಅಪ್ಪನಿಂದ ಎಷ್ಟು ಆಸ್ತಿ ಬಂತೋ ಅಷ್ಟಕ್ಕೇ ಅವರ ಹೊಣೆ. ಆದರೆ ಅಡವಿಟ್ಟ ಮನೆ ಬೇಕೆಂದರೆ ಬಾಕಿ ತೀರಿಸಲೇಬೇಕು. ಜಾಮೀನುದಾರನಿಗೆ ಮಾತ್ರ ಈ ರಕ್ಷಣೆ ಇಲ್ಲ, ಬ್ಯಾಂಕು ನೇರವಾಗಿ ಅವನನ್ನೇ ಕೇಳಬಹುದು.

ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ತನ್ನ ತಪ್ಪಿನಿಂದ ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ಆರ್‌ಬಿಐ 2023ರಲ್ಲೇ ಆದೇಶಿಸಿದೆ. ನಾಡಕಚೇರಿಯಿಂದ ವಂಶವೃಕ್ಷ ಮೊದಲೇ ಮಾಡಿಸಿಟ್ಟುಕೊಳ್ಳಿ, ಪತ್ರ ಬಿಡಿಸಿಕೊಳ್ಳಲೂ ಖಾತೆ ಬದಲಾವಣೆಗೂ ಕೇಳುತ್ತಾರೆ. ಇವತ್ತು ರಾತ್ರಿ ಊಟವಾದ ಮೇಲೆ ಬೀರುವಿನಿಂದ ಆ ಸರ್ಟಿಫಿಕೇಟ್ ತೆಗೆದು, ಗಂಡ ಹೆಂಡತಿ ಇಬ್ಬರೂ ಕೂತು ಓದಿ.