ಹಳೇ ಜಾಗಕ್ಕೆ ವಾಪಸ್ ಹೋಗೋದು ಶಿಕ್ಷೆ ಆಗಬಾರದು

ಮೆಟ್ರಾಯ್ಡ್‌ವೇನಿಯಾ, ಅಂದರೆ ಹೊಸ ಶಕ್ತಿ ಸಿಕ್ಕಂತೆಲ್ಲ ಒಂದೇ ಮ್ಯಾಪಿನ ಮುಚ್ಚಿದ ಜಾಗಗಳು ತೆರೆದುಕೊಳ್ಳೋ ಥರದ ಗೇಮ್ ಮಾಡ್ತಿದ್ದೀವಿ ಅಂತ ಯಾರಾದರೂ ಮ್ಯಾಪ್ ತೋರಿಸಿದರೆ ನಾನು ಮೊದಲು ಕೇಳೋದು ಇದನ್ನೇ: ಹೊಸ ಶಕ್ತಿ ಸಿಕ್ಕ ರೂಮಿನಿಂದ ಆಟಗಾರ ಹೊರಗೆ ಬರೋದು ಹೇಗೆ? "ಬಂದ ದಾರೀಲೇ" ಅನ್ನೋ ಉತ್ತರ ಬಂದರೆ ಆ ಮ್ಯಾಪನ್ನ ಮತ್ತೆ ಬರೆಯಬೇಕು ಅಂತ ಹೇಳ್ತೀನಿ. ಬ್ಯಾಕ್‌ಟ್ರ್ಯಾಕಿಂಗ್, ಅಂದರೆ ಹಳೇ ಜಾಗಕ್ಕೆ ವಾಪಸ್ ಹೋಗೋದು, ಬೇಸರ ತರೋದು ದೂರದಿಂದಲ್ಲ. ಅದೇ ರೂಮು, ಅದೇ ಶತ್ರುಗಳು, ಅದೇ ಜಿಗಿತ ಎರಡನೇ ಸಲವೂ ಹಾಗೇ ಇದ್ದರೆ ಮೂರು ರೂಮೂ ಜಾಸ್ತಿ ಅನ್ನಿಸುತ್ತೆ.

1994ರ ಸೂಪರ್ ಮೆಟ್ರಾಯ್ಡ್ ಆಡಿದವರಿಗೆ ಆ ಗಾಜಿನ ಸುರಂಗ ನೆನಪಿರುತ್ತೆ. ಬ್ರಿನ್‌ಸ್ಟಾರ್ ಅನ್ನೋ ಪ್ರದೇಶದಿಂದ ನಾರ್ಫೇರ್ ಅನ್ನೋ ಇನ್ನೊಂದು ಪ್ರದೇಶಕ್ಕೆ ಇಳಿಯೋ ಲಿಫ್ಟ್ ಕಡೆ ಹೋಗುವಾಗ ಅದರೊಳಗಿಂದ ಹಾದು ಹೋಗ್ತೀವಿ. ಸುತ್ತಲೂ ನೀರು. ಅಲ್ಲಿ ಬಾಗಿಲಿಲ್ಲ, ಬೀಗವಿಲ್ಲ, ಏನು ಮಾಡಬೇಕು ಅನ್ನೋ ಸೂಚನೆಯೂ ಇಲ್ಲ. ಹೊರಗೆ ಇನ್ನೊಂದು ಲೋಕ ಇದೆ ಅಂತ ಕಣ್ಣಿಗೆ ಕಾಣುತ್ತೆ, ಅಷ್ಟೇ. ಮುಂದೆ ಪವರ್ ಬಾಂಬ್ ಸಿಗುತ್ತೆ. ಹಳದಿ ಬಾಗಿಲು ತೆಗೆಯೋದು ಅದರ ಕೆಲಸ ಅಂದುಕೊಂಡಿರ್ತೀವಿ. ಆದರೆ ಅದನ್ನ ಸುರಂಗದೊಳಗೆ ಇಟ್ಟರೆ ಗಾಜು ಒಡೆದು ಮರೀಡಿಯಾ ಅನ್ನೋ ಇಡೀ ಪ್ರದೇಶ ತೆರೆದುಕೊಳ್ಳುತ್ತೆ.

ಹಳದಿ ಬಾಗಿಲೂ ಗಾಜಿನ ಸುರಂಗವೂ ಒಂದೇ ಬಾಂಬಿಗೆ ತೆರೆಯುತ್ತವೆ. ಆದರೂ ಎರಡರ ಅನುಭವ ಬೇರೆ. ಬಾಗಿಲಿನ ವಿಷಯದಲ್ಲಿ ಆಟಗಾರ ಬಣ್ಣಕ್ಕೆ ಬಣ್ಣ ಹೊಂದಿಸ್ತಾನೆ. ಸುರಂಗದಲ್ಲಿ ಅವನದೇ ಊಹೆ ನಿಜವಾಗುತ್ತೆ. ಹಾಗಂತ ದಾರಿ ತಡೆಯೋ ಎಲ್ಲ ಗೇಟನ್ನೂ ಸುರಂಗದ ಹಾಗೆ ಮಾಡೋಕೂ ಆಗಲ್ಲ, ಯಾಕೆಂದರೆ ಮೊದಲ ಸಲ ಆಡುವ ಎಷ್ಟೋ ಜನ ಅಲ್ಲೇ ಸಿಕ್ಕಿಹಾಕಿಕೊಳ್ತಾರೆ. ನಾನಾಗಿದ್ದರೆ ಪವರ್ ಬಾಂಬ್ ಸಿಗೋ ರೂಮಿನಲ್ಲೇ ಅಂಥದ್ದೇ ಒಂದು ಸಣ್ಣ ಗಾಜಿನ ತುಂಡು ಒಡೆಯೋ ಹಾಗೆ ಇಡ್ತಿದ್ದೆ. ಬಾಂಬಿಗೆ ಗಾಜು ಒಡೆಯುತ್ತೆ ಅಂತ ಕೈಗೆ ಗೊತ್ತಾದರೆ ಸಾಕು, ಉಳಿದದ್ದನ್ನ ನೆನಪೇ ಮಾಡುತ್ತೆ.

ಮರೀಡಿಯಾದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗ್ರಾವಿಟಿ ಸೂಟ್ ಇಲ್ಲದೆ ಇಳಿದರೆ ಯಾರೂ ತಡೆಯಲ್ಲ, ಆದರೆ ನೀರಿನಲ್ಲಿ ಹೆಜ್ಜೆ ಭಾರವಾಗುತ್ತೆ, ಜಿಗಿತ ಕುಗ್ಗುತ್ತೆ. ಬೇಗ ಬಂದುಬಿಟ್ಟೆ ಅಂತ ಆಟಗಾರನಿಗೇ ಅರ್ಥವಾಗುತ್ತೆ. ಮುಂದೆ ಸೂಟ್ ಹಾಕಿಕೊಂಡು ಬಂದಾಗ ಅದೇ ನೀರಿನಲ್ಲಿ ನೆಲದ ಮೇಲಿದ್ದಂತೆ ಓಡ್ತಾನೆ. ರೂಮು ಬದಲಾಗಿಲ್ಲ, ಅದರಲ್ಲಿ ಓಡಾಡೋ ರೀತಿ ಬದಲಾಗಿದೆ. ಒಳ್ಳೆಯ ಶಕ್ತಿಗೆ ನಾನು ಇಟ್ಟುಕೊಂಡಿರೋ ಪರೀಕ್ಷೆ ಇದು: ಒಂದು ಬಾಗಿಲು ತೆಗೆಯೋದಷ್ಟೇ ಅಲ್ಲ, ಈಗಾಗಲೇ ನೋಡಿದ ಜಾಗಗಳಲ್ಲೂ ಓಡಾಟ ಸುಲಭವಾಗಬೇಕು.

ಇದನ್ನ ಕಾಗದದ ಮೇಲೆ ಹೇಗೆ ತರೋದು? ಗೋಡೆ ಹತ್ತುವ ಶಕ್ತಿಯನ್ನೇ ತಗೊಳ್ಳಿ. ನಡುವೆ ಒಂದು ದೊಡ್ಡ ಹಾಲ್. ಅದರ ಗೋಡೆಯಲ್ಲಿ ಎತ್ತರಕ್ಕೆ ಒಂದು ಕಟ್ಟೆ, ಹಿಂದೆ ಬೆಳಕು ಬರುವ ಕಿಂಡಿ. ಹೋಗೋಕಾಗಲ್ಲ, ಆದರೆ ಹಾಲ್ ದಾಟುವ ಪ್ರತಿ ಸಲ ಕಣ್ಣಿಗೆ ಬೀಳುತ್ತೆ. ಬಲಗಡೆ ಏಳು ರೂಮುಗಳು, ಕೊನೆಯದರಲ್ಲಿ ಬಾಸ್, ಆಮೇಲೆ ಶಕ್ತಿ. ಶಕ್ತಿ ಸಿಗೋ ರೂಮಿಗೆ ಆಟಗಾರ ಮೇಲಿನಿಂದ ಬಿದ್ದು ಬರಲಿ, ಮತ್ತೆ ಹತ್ತೋಕೆ ಆಗದಷ್ಟು ಎತ್ತರ ಇರಲಿ. ಹೊರಗೆ ಹೋಗಲು ಉಳಿಯೋದು ಒಂದು ಕಿರಿದಾದ ಬಾವಿಯಂಥ ದಾರಿ, ಗೋಡೆ ಹತ್ತಲು ಕಲಿತರೆ ಮಾತ್ರ ದಾಟಬಹುದು. ಆ ದಾರಿ ಮುಗಿಯೋದು ಅದೇ ಕಟ್ಟೆಯ ಮೇಲೆ. ಹೊಸ ಶಕ್ತಿಯ ಪಾಠವೂ ಆಯ್ತು, ವಾಪಸ್ ಬಂದಿದ್ದೂ ಆಯ್ತು, ಅಷ್ಟು ಹೊತ್ತಿನಿಂದ ಕಾಡುತ್ತಿದ್ದ ಕಿಂಡಿಯೂ ಕೈಗೆಟುಕಿತು. ಏಳು ರೂಮು ಮತ್ತೆ ದಾಟಬೇಕಾಗಿಯೇ ಬರಲಿಲ್ಲ.

ಇಲ್ಲಿ ಒಂದು ಅಪಾಯ ಇದೆ. ಬಿದ್ದ ಮೇಲೆ ಶಕ್ತಿ ತಗೊಳ್ಳದೆ ಬೇರೆ ಕಡೆ ನುಸುಳೋಕೆ ಸಾಧ್ಯವಿದ್ದರೆ, ಆ ಕಡೆಯಿಂದಲೂ ಹೊರದಾರಿ ಇರಲೇಬೇಕು. ಇಲ್ಲದಿದ್ದರೆ ಆಟಗಾರ ಅಲ್ಲಿಯೇ ಸೇವ್ ಮಾಡಿ ಶಾಶ್ವತವಾಗಿ ಸಿಕ್ಕಿಬೀಳ್ತಾನೆ. ಹೀಗಾಗಿ ಪ್ರತಿ ಒನ್‌ವೇ ಇಳಿಜಾರಿನ ಕೆಳಗೂ ನಿಂತು, ಅಲ್ಲಿಗೆ ಬರೋಕೆ ಕನಿಷ್ಠ ಯಾವ ಶಕ್ತಿಗಳು ಬೇಕೋ ಅವಿಷ್ಟರಿಂದಲೇ ಹೊರಬರಬಹುದಾ ಅಂತ ಒಂದೊಂದಾಗಿ ನೋಡಬೇಕು.

ಕೆಲವು ರೂಮುಗಳಿಗೆ ಮತ್ತೆ ಹೋಗೋದು ತಪ್ಪಲ್ಲ. 2017ರ ಹಾಲೋ ನೈಟ್‌ನಲ್ಲಿ ಶುರುವಿನ ಫರ್ಗಾಟನ್ ಕ್ರಾಸ್‌ರೋಡ್ಸ್‌ಗೆ ಮುಂದೊಮ್ಮೆ ಕಿತ್ತಳೆ ಬಣ್ಣದ ಸೋಂಕು ಹರಡಿರುತ್ತೆ, ಶತ್ರುಗಳೂ ಬದಲಾಗಿರ್ತಾರೆ. ಪರಿಚಿತ ಜಾಗ ಅಪರಿಚಿತವಾಗುತ್ತೆ. ಅದೇ ಗೇಮ್‌ನಲ್ಲಿ ಇಸೆಲ್ಡಾ ಅಂಗಡಿಯಲ್ಲಿ ಮ್ಯಾಪಿಗೆ ಹಾಕುವ ಪಿನ್‌ಗಳೂ ಸಿಗ್ತವೆ. ವಾರ ಬಿಟ್ಟು ಆಡಲು ಕೂತವರಿಗೆ ಎಲ್ಲಿ ಏನು ಬಿಟ್ಟಿದ್ದೆ ಅಂತ ನೆನಪಿರಲ್ಲ, ಗುರುತು ಹಾಕೋಕೆ ಬಿಡದ ಗೇಮ್ ಅವರನ್ನ ಗೋಡೆ ಗೋಡೆ ತಟ್ಟುವ ಹಾಗೆ ಮಾಡುತ್ತೆ.

ಪ್ಲೇಟೆಸ್ಟ್ ಮಾಡುವಾಗ ಒಂದೇ ರೂಮನ್ನ ದಾಟೋಕೆ ಮೊದಲ ಸಲ ಮತ್ತು ವಾಪಸ್ ಬರುವಾಗ ಎಷ್ಟು ಹೊತ್ತು ಹಿಡೀತು ಅಂತ ಬರೆದಿಟ್ಟುಕೊಳ್ಳಿ. ಮೊದಲು 40 ಸೆಕೆಂಡ್ ಹಿಡಿದಿದ್ದು ಈಗ 15ಕ್ಕೆ ಇಳಿದಿದ್ದರೆ ಆ ರೂಮನ್ನ ಮುಟ್ಟಬೇಡಿ. ಈಗಲೂ 40 ಹಿಡೀತಿದೆ, ಹೊಸದೇನೂ ಇಲ್ಲ, ಕೊನೆಗೆ ಸಿಗೋದು ಐದು ಮಿಸೈಲ್ ಅಂದರೆ ಅಲ್ಲೊಂದು ಶಾರ್ಟ್‌ಕಟ್ ತೆಗೆಯಿರಿ.