ಆಪರೇಷನ್ ಚೀಟಿಯಲ್ಲಿ ಗಡಿಯಾರದ ಸಮಯ ಬರೆಯಿರಿ

"ರಾತ್ರಿ ಹನ್ನೆರಡರ ನಂತರ ಏನೂ ತೆಗೆದುಕೊಳ್ಳಬೇಡಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳಿ."

ಆಪರೇಷನ್‌ಗೆ ಮೊದಲು ಕೊಡುವ ಎಷ್ಟೋ ಚೀಟಿಗಳಲ್ಲಿ ಇರುವುದು ಇಷ್ಟೇ. ಏನೂ ಬೇಡ ಅಂದ ಮೇಲೆ ಮಾತ್ರೆ ನುಂಗಲು ನೀರು ಕುಡಿಯಬಹುದಾ? ಮನೆಯಲ್ಲಿ ಇದನ್ನು ಯಾರನ್ನು ಕೇಳಬೇಕು?

ನಾನು ಕೊಡಗಿನಲ್ಲಿ ನರ್ಸ್. ನಮ್ಮಲ್ಲಿ ತೊಡಕು ಊಟಕ್ಕಿಂತ ಕಾಫಿಯದೇ ಜಾಸ್ತಿ. ನಾಪೋಕ್ಲು ಕಡೆಯಿಂದ ಮಡಿಕೇರಿಗೆ ಬರುವವರು ಬೆಳಿಗ್ಗೆ ಐದಕ್ಕೇ ಎದ್ದು, ಒಂದು ಲೋಟ ಹಾಲಿನ ಕಾಫಿ ಕುಡಿದು ಹೊರಡುತ್ತಾರೆ. "ಏನೂ ತಿಂದಿಲ್ಲ ಸಿಸ್ಟರ್, ಖಾಲಿ ಹೊಟ್ಟೆ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಹಾಲು ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಧಾನವಾಗಿ ಇಳಿಯುತ್ತದೆ, ಅದಕ್ಕೆ ಲಘು ತಿಂಡಿಯ ಹಾಗೆ 6 ಗಂಟೆ ಅಂತರ ಬೇಕು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಬರೀ ನೀರು, ಹಾಲು ಹಾಕದ ಕಪ್ಪು ಕಾಫಿ ಬೇಗ ಇಳಿಯುತ್ತವೆ. ಸಾಮಾನ್ಯವಾಗಿ 2 ಗಂಟೆ ಸಾಕು.

ಈ 6, 2 ಅನ್ನೋ ಲೆಕ್ಕವನ್ನು ರೋಗಿಯ ಮೇಲೆ ಹೊರಿಸಬಾರದು. ಲೆಕ್ಕ ನಾವೇ ಹಾಕಿ, ಚೀಟಿಯಲ್ಲಿ ವಾರ ಮತ್ತು ಸಮಯ ಬರೆಯಬೇಕು. ಮಂಗಳವಾರ ಬೆಳಿಗ್ಗೆ 9ಕ್ಕೆ ಪಿತ್ತಕೋಶದ ಆಪರೇಷನ್ ಇರುವ, ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಎರಡೂ ಇರುವ ಒಬ್ಬ ಅಮ್ಮನಿಗೆ ನಾನು ಹೀಗೆ ಬರೆಯುತ್ತೇನೆ:

"ಸೋಮವಾರ ರಾತ್ರಿ 10ರೊಳಗೆ ಊಟ ಮುಗಿಸಿ. ಆಮೇಲೆ ಹಾಲು, ಹಾಲಿನ ಕಾಫಿ, ಟೀ, ಗಂಜಿ ಬೇಡ. ಮಂಗಳವಾರ ಬೆಳಿಗ್ಗೆ 7ರವರೆಗೆ ಬರೀ ನೀರು ಕುಡಿಯಬಹುದು. 7ರ ನಂತರ ಅದೂ ಬೇಡ."

ಮಾತ್ರೆಯ ಸಾಲು ಇನ್ನೂ ಸೂಕ್ಷ್ಮ. "ಬಿ.ಪಿ. ಮಾತ್ರೆ" ಅಂದರೆ ಯಾವುದು? ಈ ಅಮ್ಮನಿಗೆ ಎರಡಿವೆ. ಆಮ್ಲೋಡಿಪಿನ್ ಬೆಳಿಗ್ಗೆ 6ಕ್ಕೆ ಒಂದು ಗುಟುಕು ನೀರಿನಲ್ಲಿ ನುಂಗಬೇಕು. ಟೆಲ್ಮಿಸಾರ್ಟನ್ ಅರಿವಳಿಕೆಯಲ್ಲಿ ಬಿ.ಪಿ. ತೀರಾ ಇಳಿಸಬಹುದು, ಹಾಗಾಗಿ ಅನೇಕ ಅರಿವಳಿಕೆ ವೈದ್ಯರು ಹಿಂದಿನ ದಿನದಿಂದಲೇ ನಿಲ್ಲಿಸುತ್ತಾರೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಆಪರೇಷನ್ ದಿನ ಬೆಳಿಗ್ಗೆ ಬೇಡ. ಹಾಗಾಗಿ ಪ್ರತಿ ಮಾತ್ರೆಯ ಹೆಸರನ್ನೂ ಬರೆಯಬೇಕು, ಆದರೆ ಯಾವುದು ಬೇಕು ಯಾವುದು ಬೇಡ ಅನ್ನುವುದನ್ನು ವೈದ್ಯರೇ ತೀರ್ಮಾನಿಸಬೇಕು.

ನನಗೆ ಜಾಸ್ತಿ ಚಿಂತೆ ಡಾಪಾಗ್ಲಿಫ್ಲೋಜಿನ್ ಬಗ್ಗೆ. ಈಗ ಈ ಸಕ್ಕರೆ ಮಾತ್ರೆ ಎಷ್ಟೋ ಜನರ ಡಬ್ಬಿಯಲ್ಲಿದೆ. ಇದನ್ನು ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಉಪವಾಸದಲ್ಲಿ ರಕ್ತ ಆಮ್ಲೀಯವಾಗಬಹುದು, ಸಕ್ಕರೆಯ ಅಂಶ ಮಾತ್ರ ಸರಿಯಾಗೇ ಇದ್ದು ಮೋಸ ಮಾಡುತ್ತದೆ. ಮಂಗಳವಾರದ ಆಪರೇಷನ್‌ಗೆ ಕೊನೆಯ ಮಾತ್ರೆ ಶುಕ್ರವಾರ. ಸೋಮವಾರ ಸಂಜೆ ಚೀಟಿ ಕೊಟ್ಟರೆ ಏನು ಪ್ರಯೋಜನ? ದಿನ ಗೊತ್ತಾದ ತಕ್ಷಣ ಕೊಡಬೇಕು.

ಕೊಡುವಾಗ "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ತಲೆಯಾಡಿಸುತ್ತಾರೆ. "ಅಮ್ಮ, ಅವತ್ತು ಬೆಳಿಗ್ಗೆ ಐದಕ್ಕೆ ಎದ್ದ ಮೇಲೆ ಏನು ಕುಡೀತೀರಿ?" ಅಂತ ಕೇಳಿ. "ಕಾಫಿ" ಅಂದರೆ ಚೀಟಿಯನ್ನು ಇನ್ನೊಂದು ಸಲ ಓದಿ ಹೇಳಿ, ಆಮೇಲೆ ಕಳಿಸಿ.